ಗಂಟೆ ಹೊಡೆದ ಅರ್ಜಿ

ಇದು ನಿಜವಾಗಿ ನಡೆದದ್ದು. ನಾನು ಹೇಳುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ಸುಳ್ಳು ಎನ್ನಬೇಡಿ. ನಾನು ಕದಿಯುವುದು ಜನರ ದನಿಯನ್ನು ಮಾತ್ರ.

ಅಕ್ಕ ಫಿಸಿಯೋಥೆರಪಿಸ್ಟ್. ಊರವರ ಮೊಣಕಾಲು ಮಡಿಸಿ ಬಿಡಿಸಿ ಕೂಡಿಟ್ಟ ದುಡ್ಡನ್ನು, ಹೊರದೇಶದ ಎರಡು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿಸಲು, ಒಬ್ಬ ಶಿಕ್ಷಣ ಏಜೆಂಟರಿಗೆ ಅರ್ಜಿ ಶುಲ್ಕವೂ ಸೇರಿದ ಸೇವಾ ಶುಲ್ಕವಾಗಿ ಕಟ್ಟಿದ್ದಳು. ಅವರ ಬೋರ್ಡಿನಲ್ಲಿ ಕನ್ಸಲ್ಟೆಂಟ್ ಎಂದಿತ್ತು. ನಾನು ಕನಸಲ್ಟೆಂಟ್ ಎನ್ನುತ್ತಿದ್ದೆ. ಮಾತಿಗೊಮ್ಮೆ ‘ನೂರಕ್ಕೆ ನೂರು’ ಎನ್ನುವುದರಿಂದ ಮನೆಯಲ್ಲಿ ಅವರ ಹೆಸರೇ ನೂರಕ್ಕೆನೂರು.

ಅವರ ಆಫೀಸಿನಲ್ಲೊಂದು ಹಿತ್ತಾಳೆ ಗಂಟೆ ಇತ್ತು. ಒಬ್ಬರ ಅರ್ಜಿ ಮುಗಿದರೆ ಅವರಿಂದಲೇ ಗಂಟೆ ಹೊಡೆಸಿ, ಎಲ್ಲರೂ ಚಪ್ಪಾಳೆ ತಟ್ಟಿ, ಫೋಟೋ ತೆಗೆದು ಗೋಡೆಗೆ ಅಂಟಿಸುತ್ತಿದ್ದರು. ಅಕ್ಕನೂ ಹೊಡೆದಿದ್ದಳು, ಹಲ್ಲೆಲ್ಲ ಕಾಣುವ ಹಾಗೆ ನಕ್ಕಿದ್ದಳು. ಆಮೇಲೆ ವಿಚಾರಿಸಿದಾಗಲೆಲ್ಲ ಒಂದೇ ಉತ್ತರ: ‘ಪರಿಶೀಲನೆಯಲ್ಲಿದೆ.’

ಒಂದು ಭಾನುವಾರ ಅವಳು ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ, ಗೆಳೆಯನ ಫೋನಿನಿಂದ ನಾನು ತಾರಸಿಯ ಮೇಲಿಂದ ಕರೆ ಮಾಡಿದೆ. ಮೂಗು ಹಿಡಿದು, ನೂರಕ್ಕೆನೂರು ಅವರ ದನಿಯಲ್ಲಿ ಹೇಳಿದೆ:

“ಮೇಡಂ, ನೂರಕ್ಕೆ ನೂರು ಹೇಳ್ತೀನಿ, ನಿಮ್ಮ ಅರ್ಜಿ ಇನ್ನೂ ಡ್ರಾಫ್ಟಲ್ಲೇ ಇದೆ, ಹೋಗೇ ಇಲ್ಲ.”

ನಗು ತಡೆಯಲಾಗದೆ ಫೋನಿಟ್ಟೆ. ಓಡಿ ಇಳಿದು ಬಂದರೆ ಅಕ್ಕ ಗರಬಡಿದವಳಂತೆ ನಿಂತಿದ್ದಳು, ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ಹೊಗೆಯಾಡುತ್ತಿತ್ತು.

“ಅಕ್ಕಾ, ನಾನೇ ಕಣೇ! ತಮಾಷೆಗೆ!”

ಬೆನ್ನ ಮೇಲೆ ಎರಡು ಬಿತ್ತು. ಮೂರನೆಯದಕ್ಕೆ ಎತ್ತಿದ ಕೈ ಹಾಗೇ ನಿಂತಿತು.

“ಅಲ್ವೋ, ಅರ್ಜಿ ಹಾಕೋ ಖಾತೆ ತೆರೆದಿದ್ದು ಅವರ ಇಮೇಲಲ್ಲಿ. ಪಾಸ್‌ವರ್ಡೂ ಅವರ ಹತ್ರಾನೇ. ಅರ್ಜಿ ಹೋಗಿದ್ದನ್ನ ನಾನು ಕಣ್ಣಾರೆ ನೋಡಿಲ್ವಲ್ಲೋ!”

ಅಂದೇ ಎರಡೂ ವಿಶ್ವವಿದ್ಯಾಲಯಗಳ ಪ್ರವೇಶ ವಿಭಾಗಕ್ಕೆ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಹಾಕಿ ತಾನೇ ಬರೆದಳು. ಎರಡು ದಿನದಲ್ಲಿ ಎರಡು ಕಡೆಯಿಂದಲೂ ಒಂದೇ ಅರ್ಥದ ಉತ್ತರ: ಖಾತೆ ಇದೆ, ಅರ್ಜಿ ಶುಲ್ಕ ಕಟ್ಟಿಲ್ಲ, ಅರ್ಜಿ ಸಲ್ಲಿಕೆಯಾಗಿಲ್ಲ, ಈ ಸಾಲಿನ ಗಡುವು ಮುಗಿದಿದೆ.

ಹುಡುಗಾಟಕ್ಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಅದೇ ನನಗೆ ಇನ್ನಷ್ಟು ಭಯ. “ವರ್ಷ ಹೋಯ್ತು. ದುಡ್ಡೂ ಹೋದ್ರೆ ಮುಂದಿನ ಸಲ ಅರ್ಜಿ ಹಾಕೋದು ಯಾವುದರಲ್ಲೋ?” ಎಂದಳು, ಅಷ್ಟೇ. ಪರದೇಶಕ್ಕೆ ಹೋಗುವ ಮುಂಚೆಯೇ ಪರದಾಟ.

ಒಪ್ಪಂದ ತೆಗೆದು ಓದಿದಳು. ಗಡುವಿನೊಳಗೆ ಎರಡೂ ಅರ್ಜಿ ಸಲ್ಲಿಸದಿದ್ದರೆ ಸೇವಾ ಶುಲ್ಕ ಪೂರ್ತಿ ವಾಪಸ್ ಎಂದಿತ್ತು. ಒಪ್ಪಂದ ರದ್ದು, ಶುಲ್ಕ ಮರಳಿಸಿ, ಮೂಲ ಅಂಕಪಟ್ಟಿ ಕೊಡಿ, ನನ್ನ ಪರವಾಗಿ ವ್ಯವಹರಿಸುವ ಅಧಿಕಾರ ಇನ್ನಿಲ್ಲ ಎಂದು ಪತ್ರ ಬರೆದು ಇಮೇಲ್ ಮಾಡಿದಳು. ಎರಡು ಪ್ರತಿ ಹಿಡಿದು ಮರುದಿನ ಆಫೀಸಿಗೇ ಹೋದೆವು.

ಅಲ್ಲಿ ಹೊಸದಾಗಿ ಸಹಿ ಹಾಕಲು ಬಂದಿದ್ದ ಒಬ್ಬ ಅಪ್ಪ, ಮಗಳು ಕುಳಿತಿದ್ದರು.

“ಸೇವಾ ಶುಲ್ಕ ವಾಪಸ್ ಬರಲ್ಲ ಮೇಡಂ,” ನೂರಕ್ಕೆನೂರು ನಕ್ಕರು. “ರಸೀದಿ ಕೆಳಗೇ ಬರೆದಿದೆ ನೋಡಿ.”

“ರಸೀದಿಗೆ ಸಹಿ ಹಾಕಿರೋದು ನೀವೊಬ್ಬರೇ. ಒಪ್ಪಂದಕ್ಕೆ ಇಬ್ಬರೂ ಹಾಕಿದೀವಿ.”

“ಅರ್ಜಿ ಹೋಗಿದೆ ಮೇಡಂ! ನೀವೇ ಗಂಟೆ ಹೊಡೆದ್ರಲ್ಲ! ಯೂನಿವರ್ಸಿಟಿಯವರ ಕಡೆ ಏನೋ ತಪ್ಪಾಗಿದೆ.”

“ಹಾಗಾದ್ರೆ ಖಾತೆ ತೆಗೀರಿ. ಈಗಲೇ.”

ಎಷ್ಟು ಧೈರ್ಯ ನೋಡಿ, ಪರದೆಯನ್ನು ನಮ್ಮ ಕಡೆಗೇ ತಿರುಗಿಸಿ ತೆಗೆದರು. ಓದಿದರು. ಮುಖದ ಬಣ್ಣ ಇಳಿಯಿತು. ಆಫೀಸಿನವರನ್ನು ಕರೆದು ಕೇಳಿದಾಗ ಗೊತ್ತಾದದ್ದು ಇಷ್ಟು: ಫಾರಂ ತುಂಬುವ ಹುಡುಗಿ ತುಂಬಿ ಮುಗಿಸಿದ ಕೂಡಲೇ ಗಂಟೆ ಹೊಡೆಸುತ್ತಿದ್ದಳು, ಗಂಟೆ ಕೇಳಿದ ಲೆಕ್ಕದವರು ಎಲ್ಲ ಮುಗಿದಿದೆ ಎಂದುಕೊಂಡು ಅರ್ಜಿ ಶುಲ್ಕ ಕಟ್ಟುತ್ತಿರಲಿಲ್ಲ. ಚಪ್ಪಾಳೆ ಮಾತ್ರ ಎಲ್ಲರೂ ತಟ್ಟುತ್ತಿದ್ದರು.

“ಮೇಡಂ... ನಿಮ್ಮ ಅರ್ಜಿ ಇನ್ನೂ ಡ್ರಾಫ್ಟಲ್ಲೇ ಇದೆ, ಹೋಗೇ ಇಲ್ಲ.”

ಅದೇ ಮಾತು, ಅದೇ ಮೂಗು, ಈ ಸಲ ಅಸಲಿ. ಅಕ್ಕ ನನ್ನ ಕಾಲು ತುಳಿದಳು. ಮಗಳ ಕೈಯಿಂದ ಆ ಅಪ್ಪ ಮೆಲ್ಲಗೆ ಪೆನ್ನು ಕಿತ್ತುಕೊಂಡರು.

ನೂರಕ್ಕೆನೂರು ಅಂಕಪಟ್ಟಿ ಕೊಟ್ಟರು. ಪತ್ರದ ಒಂದು ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂದು ಬರೆದು ಸಹಿ, ಮೊಹರು ಹಾಕಿದರು. ಒಪ್ಪಂದದಲ್ಲಿದ್ದಂತೆ ಹದಿನೈದು ದಿನದೊಳಗೆ ದುಡ್ಡು ಎಂದು ಕೆಳಗೆ ಅವರಿಂದಲೇ ಬರೆಸಿಕೊಂಡಳು ಅಕ್ಕ. ಹೊರಡುವಾಗ ಗೋಡೆಯಿಂದ ತನ್ನ ಫೋಟೋವನ್ನೂ ಕಿತ್ತುಕೊಂಡಳು.

ಆಮೇಲೆ ದಿನಕ್ಕೆ ಹತ್ತು ಸಲ ಬ್ಯಾಂಕ್ ಖಾತೆ ನೋಡಿದಳು. ಒಂದು ಬೆಳಿಗ್ಗೆ ಅವಳ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ಮೇಡಂ, ದುಡ್ಡು ಹಾಕಿದೀವಿ, ನೂರಕ್ಕೆ ನೂರು...”

“ಮುಚ್ಚೋ ಬಾಯಿ, ಕೋತಿ! ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ? ಇಳಿದು ಬಾ ಕೆಳಗೆ, ಚರ್ಮ ಸುಲೀತೀನಿ!”

ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡು ನಾನು ಬಚ್ಚಲಿಂದ ಹೊರಗೆ ಬಂದು, ಅವಳೆದುರೇ ನಿಂತೆ.

ಅಕ್ಕ ನನ್ನನ್ನು ನೋಡಿದಳು. ಫೋನು ನೋಡಿದಳು. ಕಣ್ಣು ಇಷ್ಟಗಲವಾಯಿತು.

“ಮೇಡಂ,” ಫೋನು ಅಳುವ ದನಿಯಲ್ಲಿ ಹೇಳಿತು, “ಎಲ್ಲಿಂದ ಇಳೀಲಿ ಮೇಡಂ? ನಮ್ಮ ಆಫೀಸು ನೆಲಮಹಡಿಯಲ್ಲೇ ಇದೆ.”

ಅಕ್ಕ ಬ್ಯಾಂಕ್ ಖಾತೆ ತೆಗೆದು ನೋಡಿದಳು. ಪೂರ್ತಿ ಬಂದಿತ್ತು. ನಾನು ನೊರೆ ಉಗುಳಿ ನಗುವಷ್ಟರಲ್ಲಿ ಅವಳು ಗೋಡೆ ಹಿಡಿದು, ಹೊಟ್ಟೆ ಹಿಡಿದು, ಪಕ್ಕದ ಮನೆಯವರು ಕಿಟಕಿ ತೆರೆಯುವ ಹಾಗೆ ನಗುತ್ತಿದ್ದಳು.