ನಾಲ್ಕು ಗೇಟಿನ ಕಲ್ಲವ್ವ

ಇಚಲಕರಂಜಿಯ ಒಂದು ನೂಲಿನ ಗಿರಣಿಯಲ್ಲಿ ನೌಕರರ ಕಾಗದಪತ್ರವನ್ನೆಲ್ಲ ನೋಡಿಕೊಳ್ಳುವವಳು ನೂತನ ಉಪಾಧ್ಯೆ. ಒಂದು ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಚಹಾದ ಕಪ್ಪನ್ನು ತುಟಿಗೆ ಹಚ್ಚುವಷ್ಟರಲ್ಲಿ, ಸತ್ತು ಎಂಟು ತಿಂಗಳಾದ ಕಲ್ಲವ್ವ ಚೌಗುಲೆ ಬಾಗಿಲಲ್ಲಿ ಬಂದು ನಿಂತಳು. ಚಹಾ ಸೀರೆಯ ಮೇಲೆ ಚೆಲ್ಲಿತು.

"ಅಂಜಬ್ಯಾಡ್ರಿ ಮ್ಯಾಡಂ, ನಾ ತಂಗಿ. ರುತುಜಾ," ಅಂದಳು ಬಂದವಳು. "ಎಲ್ಲಾರೂ ಹಿಂಗ ಅಂಜತಾರ. ಮನುಷ್ಯಾರು ಅಂಜಿದ್ರ ನಡೀತದ. ನಿಮ್ಮ ಮಷೀನ ಯಾಕ ಸುಳ್ಳ ಹೇಳತದ, ಅದನ್ನ ಕೇಳಾಕ ಬಂದೇನಿ."

ನೂತನ ಕೂರಲು ಕುರ್ಚಿ ತೋರಿಸಿದಳು. ನೋಡಿದಷ್ಟೂ ಅದೇ ಹುಬ್ಬು, ಅದೇ ಅಗಲ ಗಲ್ಲ. ಅಕ್ಕನಿಗೂ ಇವಳಿಗೂ ಏಳು ವರ್ಷದ ಅಂತರ. ಗಿರಣಿಗೆ ಮುಖ ನೋಡಿ ಹಾಜರಿ ಹಾಕುವ ಮಷೀನು ಬಂದದ್ದು ಆರು ವರ್ಷದ ಹಿಂದೆ, ಅಂದರೆ ಕಲ್ಲವ್ವ ಹೆಚ್ಚುಕಡಿಮೆ ಇವಳ ವಯಸ್ಸಿನವಳಾಗಿದ್ದಾಗ. ಮಷೀನಿನೊಳಗೆ ಅವಳಿಗೆ ವಯಸ್ಸಾಗಲಿಲ್ಲ. ಹೊರಗೆ ತಂಗಿ ನಡೆದು ನಡೆದು ಆ ಮುಖದ ಹತ್ತಿರ ಬಂದು ಮುಟ್ಟಿದ್ದಳು.

ರುತುಜಾ ಹೇಳಿದ್ದು ಇಷ್ಟು. ಅಕ್ಕನ ಮಕ್ಕಳಿಬ್ಬರೂ ಈಗ ಅವಳ ಹತ್ತಿರವೇ ಇದ್ದಾರೆ, ಕೆಲಸ ಬೇಕೇ ಬೇಕು. ಮೊದಲು ಜಯಸಿಂಗಪುರದ ಗಿರಣಿಗೆ ಹೋದಳು. ಹೆಸರು ನೋಂದಿಸಲು ಗೇಟಿನ ಮಷೀನಿನ ಮುಂದೆ ನಿಲ್ಲಿಸಿದರೆ ಅದು ಕೆಂಪಗಾಗಿ, "ಕಲ್ಲವ್ವಾ ಚೌಗುಲೆ. ಪ್ರವೇಶ ನಾಹೀ" ಅಂತ, ಒಳಗೆ ಪ್ರವೇಶವಿಲ್ಲ ಅಂತ, ಮರಾಠಿಯಲ್ಲಿ ಕೂಗಿತು. ಕೈಯಲ್ಲಿ ಅವಳದೇ ಆಧಾರ್ ಕಾರ್ಡು ಇತ್ತು. ಅಲ್ಲಿಯ ಮೇಸ್ತ್ರಿ, ಮುಕಾದಮ, ಕಾರ್ಡು ನೋಡಿದ, ಮಷೀನು ನೋಡಿದ, ಕಡೆಗೆ ಮಷೀನನ್ನೇ ನಂಬಿದ. ಶಿರೋಳದಲ್ಲೂ ಅದೇ. ಗಡಹಿಂಗ್ಲಜದಲ್ಲೂ ಅದೇ.

"ಎರಡ ಹೆಸರಿನಾಕಿ ಅಂತ ಹೆಸರ ಬಿದ್ದೈತ್ರಿ ನನಗ. ಅಲ್ಲ, ನಮ್ಮಕ್ಕ ಕೆಲಸ ಮಾಡಿದ್ದು ಇಲ್ಲಷ್ಟ. ಆಕೀನ್ನ ಯಾಕ ಊರೂರ ಗೇಟಿನ್ಯಾಗ ನಿಲ್ಲಿಸೀರಿ? ಸತ್ತ ಮ್ಯಾಲೂ ಡ್ಯೂಟಿ ಹಚ್ಚೀರೇನು?"

ನೂತನಳಿಗೆ ಉತ್ತರ ಗೊತ್ತಿತ್ತು.

ಎಂಟು ತಿಂಗಳ ಹಿಂದೆ ಕಲ್ಲವ್ವ ಜ್ವರ ಬಂದು ಮೂರು ದಿನ ಕೆಲಸಕ್ಕೆ ಬಂದಿರಲಿಲ್ಲ. ಫೋನು ಹತ್ತುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಕಾರಣ ತುಂಬದೆ ಮುಂದಕ್ಕೆ ಹೋಗುವಂತಿಲ್ಲ, ಇದ್ದ ನಾಲ್ಕು ಕಾರಣಗಳಲ್ಲಿ ನೂತನ ಒತ್ತಿದ್ದು, 'ಹೇಳದೆ ಬಿಟ್ಟವರು'. ಅದೇ ದಿನ ಆಸ್ಪತ್ರೆಯಲ್ಲಿ ಕಲ್ಲವ್ವ ಹೋಗಿಬಿಟ್ಟಿದ್ದಳು. ಸುದ್ದಿ ತಿಳಿದ ಮೇಲೆ ನೂತನ ಮನೆಗೂ ಹೋಗಿ ಬಂದಳು. ಭವಿಷ್ಯನಿಧಿಯ ಕಾಗದದಲ್ಲಿ ಸಾವಿನ ದಿನಾಂಕವನ್ನು ಸರಿಯಾಗಿಯೇ ಬರೆದಳು. ಗೇಟಿನ ನೋಂದಣಿಯನ್ನು ಮಾತ್ರ ತಿದ್ದಲಿಲ್ಲ. ಹೇಗೂ ಬಿಟ್ಟುಹೋದವಳಲ್ಲವೇ, ಯಾರು ನೋಡುತ್ತಾರೆ ಅಂದುಕೊಂಡಳು.

ಆ ಮಷೀನುಗಳನ್ನು ಹಾಕಿಕೊಟ್ಟವನು ಕೊಲ್ಹಾಪುರದ ದೀಪಕ. ಒಂದೇ ಸರ್ವರಿನ ಮೇಲೆ ನಾಲ್ಕು ಗಿರಣಿ. ಕೆಲಸ ಬಿಟ್ಟು ಅಲ್ಲಿಂದಿಲ್ಲಿಗೆ ಹಾರುವವರನ್ನು ಹಿಡಿಯಲು ಅಂತ ಮಾಲೀಕರು ಕೂಡಿ ಮಾತಾಡಿಕೊಂಡಿದ್ದರು: 'ಹೇಳದೆ ಬಿಟ್ಟವರು' ಅಂತ ಒಂದು ಗಿರಣಿಯಲ್ಲಿ ಒತ್ತಿದರೆ ಆ ಮುಖ ತಾನಾಗಿ ನಾಲ್ಕೂ ಗೇಟಿಗೆ ಹೋಗುತ್ತದೆ. ಕೆಲಸಗಾರರಿಗೆ ಈ ಮಾತು ಯಾರೂ ಹೇಳಿರಲಿಲ್ಲ.

ರುತುಜಾಳನ್ನು ಕೂರಿಸಿ ನೂತನ ಸರ್ವರಿನ ದಾಖಲೆ ತೆರೆದಳು. ಕಲ್ಲವ್ವನ ಹೆಸರಿನ ಕೆಳಗೆ ಸಾಲುಗಳು ಇಳಿಯುತ್ತ ಹೋದವು. ಜಯಸಿಂಗಪುರ, ಬೆಳಿಗ್ಗೆ ಒಂಬತ್ತು ಹನ್ನೆರಡು. ಶಿರೋಳ, ಹತ್ತು ನಲವತ್ತು. ಎರಡು ತಿಂಗಳ ಹಿಂದೆ ಗಡಹಿಂಗ್ಲಜ. ಮತ್ತೆ ಗಡಹಿಂಗ್ಲಜ. ಒಟ್ಟು ಹನ್ನೊಂದು ಸಾಲು, ಎಲ್ಲವೂ ಮಣ್ಣಾದ ಮೇಲಿನವು. ಸತ್ತ ಹೆಂಗಸು ಬಸ್ಸು ಹತ್ತಿ ಇಳಿದು, ಗೇಟಿನಿಂದ ಗೇಟಿಗೆ ಕೆಲಸ ಕೇಳುತ್ತ ತಿರುಗಿದ ಹಾಗೆ. ಮೇಲ್ಗಡೆ ಮೂಲೆಯಲ್ಲಿ ಅವಳ ಚಿಕ್ಕ ಫೋಟೋ. ತಲೆಗೂದಲಿನಲ್ಲಿ ಹತ್ತಿಯ ಎಳೆ, ಕಣ್ಣು ಅರ್ಧ ಮುಚ್ಚಿದೆ, ಯಾರೋ ಕರೆದದ್ದಕ್ಕೆ ಇನ್ನೇನು ಓ ಅನ್ನಬೇಕು ಅನ್ನುವಂತೆ.

ನೂತನಳಿಗೆ ಬೆನ್ನಿನ ಮೇಲೆ ಯಾರೋ ಉಸಿರು ಬಿಟ್ಟಂತಾಯಿತು. ತಿರುಗಿ ನೋಡಿದರೆ ರುತುಜಾ ಎದ್ದು ಬಂದು ಹಿಂದೆ ನಿಂತಿದ್ದಳು.

"ಗಡಹಿಂಗ್ಲಜದಾಗ ಹತ್ತ ನಿಮಿಷದಾಗ ಎರಡ ಸಲ ನಿಂತಿದ್ಯಲ್ಲ ತಂಗಿ. ಒಮ್ಮೆ ಆಗೂದಿಲ್ಲ ಅಂದ ಮ್ಯಾಲ ಮತ್ಯಾಕ ನಿಂತಿ?" ಅಂದಳು ನೂತನ.

ರುತುಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಕೆಲಸಕ್ಕಲ್ರಿ. ಆಕೀ ಹೆಸರ ಯಾರೂ ಕರಿಯೂದಿಲ್ಲ ಈಗ. ಅದ ಕರಿತದ. ಅವ್ವಗ ಇನ್ನೂ ಹೇಳಿಲ್ಲ ನಾ. ಹೇಳಿದ್ರ ನಾಳೆನ ಬಸ್ ಹತ್ತಿ ಬರ್ತಾಳ, ಆ ಹೆಸರ ಕೇಳಾಕ."

ಆಮೇಲೆ ನೂತನ ಕಪಾಟಿನಿಂದ ಕಲ್ಲವ್ವನ ಹಳೆಯ ಫೈಲು ತೆಗೆದು, ಅದರೊಳಗಿನ ಒಪ್ಪಿಗೆಯ ಹಾಳೆಯನ್ನು ಹಿಡಿದುಕೊಂಡು ಮಾಲೀಕರ ಕೋಣೆಗೆ ನಡೆದಳು.

ಭಾವುಸಾಹೇಬರು ಕೆಟ್ಟವರಲ್ಲ. ಕೆಲಸಗಾರರ ಮದುವೆಗೆ ಹೋಗುತ್ತಾರೆ, ಸಾವಿಗೂ ಹೋಗುತ್ತಾರೆ. ಆದರೆ ತಪ್ಪು ಅಂದ ಕೂಡಲೇ ಕನ್ನಡಕ ಒರೆಸಲು ಹತ್ತುತ್ತಾರೆ. ನೂತನ ನಡೆದದ್ದೆಲ್ಲ ಹೇಳಿ, ಆ ಮುಖ ಎಲ್ಲ ಕಡೆ ಅಳಿಸಬೇಕು ಅಂದಾಗ ಈಗಲೂ ಒರೆಸಿದರು.

"ಅಲ್ಲ ನೂತನತಾಯಿ, ಸತ್ತಾಕಿಗಿ ಎಂಥಾ ಹಕ್ಕ? ಮತ್ತ ಹೊಸಾ ಕಾನೂನ ಬಂದೈತಲ್ಲ, ನೌಕರಿ ಸಲುವಾಗಿ ಆದ್ರ ಒಪ್ಪಿಗಿ ಇಲ್ಲದನೂ ಮಂದಿ ಮಾಹಿತಿ ಇಟಗೋಬಹುದು ಅಂತ. ಮಾಲೀಕಗ ನುಕಸಾನ ಆಗಬಾರದು ಅಂತ ಅದರಾಗ ಬರದಾರಂತ."

"ಬರದಾರ್ರಿ ಸಾಹೇಬ್ರ. ನಮ್ಮ ನೌಕರಿ ಸಲುವಾಗಿ. ಶಿರೋಳದವರ ಗೇಟ ಕಾಯೂ ಸಲುವಾಗಿ ಅಲ್ಲ. ಕೆಲಸ ಮುಗದ ಮ್ಯಾಲ ಅಳಸಬೇಕು ಅಂತನೂ ಅದರಾಗ ಐತಿ. ಆ ಭಾಗ ಜಾರಿ ಆಗೂದು ಮುಂದಿನ ವರ್ಷ, ಖರೆ. ಆದ್ರ ಹಳೇ ನಿಯಮ ಹದಿನೈದ ವರ್ಷದಿಂದ ಅದಾವ. ಬೆರಳು, ಮುಖ, ಇವು ನಾಜೂಕ ಮಾಹಿತಿ. ಬರದ ಒಪ್ಪಿಗಿ ಬೇಕು, ಯಾತಕ್ಕ ಅಂತ ಹೇಳಿರಬೇಕು, ಹೊರಗಿನವರಿಗಿ ಕೊಡಾಕ ಕೇಳಿರಬೇಕು." ಹಾಳೆಯನ್ನು ಮೇಜಿನ ಮೇಲಿಟ್ಟಳು. "ಇಲ್ಲಿ ಕಲ್ಲವ್ವನ ಸಹಿ ಐತಿ. 'ಹಾಜರಿಗಾಗಿ ಮಾತ್ರ'. ಇದನ್ನ ಬರದಾಕಿನೂ ನಾನ, ಮುರದಾಕಿನೂ ನಾನ."

"ಎಲ್ಲಾ ಅಳಸಿದ್ರ ನಾಳೆ ತಪಾಸಣಿಗಿ ಬಂದವರಿಗಿ ಏನ ತೋರಸೂದು?"

"ಹಾಜರಿ ಪಟ್ಟಿ, ಪಗಾರ ಪಟ್ಟಿ, ಭವಿಷ್ಯನಿಧಿ ಲೆಕ್ಕ, ಅವನ್ನ ಕಾನೂನ ಹೇಳಿದಷ್ಟ ವರ್ಷ ಇಡೂದ. ಯಾವ ದಿನ ಬಂದಳು ಅನ್ನೂದು ಬೇಕು. ಬಂದಾಕಿ ಮೂಗು ಕಣ್ಣಿನ ಅಳತಿ ಯಾತಕ್ಕ ಬೇಕ್ರಿ? ಮತ್ತ ಸತ್ತಾಕಿ ಮಾತ ಬಿಡ್ರಿ. ಹೊರಗ ಕುಂತಾಕಿ ಜೀವಂತ ಅದಾಳ. ಆಕಿಗಿ ಎಲ್ಲೂ ಕೆಲಸ ಸಿಗವಲ್ದು."

ಭಾವುಸಾಹೇಬರು ಕನ್ನಡಕ ಹಾಕಿಕೊಂಡರು. ಬಾಗಿಲ ಸಂದಿನಿಂದ ರುತುಜಾ ಕುಳಿತದ್ದು ಕಾಣುತ್ತಿತ್ತು. ಬಹಳ ಹೊತ್ತು ನೋಡಿದರು. "ಅರೇರೇ," ಅಂದರು ಮೆಲ್ಲಗೆ. "ಪತ್ರ ಬರಿ. ಸಹಿ ಮಾಡ್ತೇನಿ. ಆಕೀನ್ನ ನೂಲ ಸುತ್ತೂ ವೈಂಡಿಂಗಿನ್ಯಾಗ ಹಚ್ಚು."

ನೂತನ ಬರೆದಳು. ಕಲ್ಲವ್ವ ಚೌಗುಲೆ ಹೇಳದೆ ಬಿಟ್ಟವಳಲ್ಲ, ತೀರಿಕೊಂಡವಳು. ಹಾಗೆ ನಮೂದಾದದ್ದು ನಮ್ಮ ಕಚೇರಿಯ ತಪ್ಪು. ರುತುಜಾ ಬೇರೆ ವ್ಯಕ್ತಿ. ನಮ್ಮಿಂದ ಬಂದ ಮುಖಗಳನ್ನೆಲ್ಲ ಅಳಿಸಿ, ಅಳಿಸಿದ್ದಾಗಿ ಬರೆದು ಕೊಡಬೇಕು. ಇನ್ನು ಮುಂದೆ ನಮ್ಮಿಂದ ಯಾರ ಮುಖವೂ ಬರುವುದಿಲ್ಲ. ಮೂರು ಗಿರಣಿಗೆ ಮೂರು ಪ್ರತಿ, ದೀಪಕನಿಗೆ ಒಂದು.

ದೀಪಕ ಪತ್ರ ಓದಿ ತಕ್ಷಣ ಫೋನು ಮಾಡಿದ. "ಅಹೋ ಮ್ಯಾಡಂ, ಇದರಾಗೇನೈತಿ, ಸರ್ವರಿನಿಂದ ಅಳಸೂದು ಒಂದ ನಿಮಿಷದ ಕೆಲಸ. ನಿಮ್ಮ ಗೇಟಿನ ಮಷೀನ ನೀವ ಕೈಯಿಂದ ಅಳಸ್ರಿ, ನಿಮಗ ಸಮಾಧಾನ ಆಗತದ. ಜಯಸಿಂಗಪುರ, ಶಿರೋಳ ತಾವ ಅಳಸಗೋತಾವ. ಗಡಹಿಂಗ್ಲಜದ್ದ ಮಾತ್ರ..."

"ಏನು?"

"ಹೋದ ತಿಂಗಳಿಂದ ಅದರ ನೆಟ್ ಬಂದ್ ಐತಿ. ಸರ್ವರ ಹೇಳಿದ್ದು ಅದಕ್ಕ ಮುಟ್ಟೂದಿಲ್ಲ. ಮುಖ ಮಷೀನಿನ ಹೊಟ್ಟ್ಯಾಗನ ಇರ್ತದ. ಯಾರರ ಹೋಗಿ ಕೈಯಿಂದ ಅಳಸಬೇಕು."

"ನೀ ಹೋಗು."

"ಅವರು ಕರದ್ರ ಹೋಗ್ತೇನ್ರಿ. ಗಿರಣಿ ಅವರದು."

ನೂತನ ರುತುಜಾಳನ್ನು ಕರೆದುಕೊಂಡು ಗೇಟಿಗೆ ಬಂದಳು. ಪಾಳಿಯವರೆಲ್ಲ ಒಳಗೆ ಹೋಗಿಯಾಗಿತ್ತು, ಗೇಟಿನಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲಿನ ಮಷೀನಿನ ಕಪ್ಪು ಗಾಜಿನಲ್ಲಿ ಇಬ್ಬರ ನೆರಳು. ನೂತನ ಕಲ್ಲವ್ವನ ನಂಬರು ಒತ್ತಿ, ಅಳಿಸುವ ಗುಂಡಿಯವರೆಗೆ ಬಂದು ನಿಂತಳು.

"ಒಮ್ಮೆ ನಿಲ್ಲಲಿರಿ?" ಅಂದಳು ರುತುಜಾ.

ನೂತನ ಹಿಂದಕ್ಕೆ ಸರಿದಳು. ರುತುಜಾ ತಲೆಗೂದಲನ್ನು ಸರಿಮಾಡಿಕೊಂಡು, ಯಾರದೋ ಮನೆಗೆ ಹೋದವಳ ಹಾಗೆ ನಿಂತಳು. ಕೆಂಪು ಬೆಳಕು ಮುಖದ ಮೇಲೆ ಬಿತ್ತು.

"ಕಲ್ಲವ್ವಾ ಚೌಗುಲೆ. ಪ್ರವೇಶ ನಾಹೀ."

ರುತುಜಾಳ ತುಟಿ ಅಲುಗಿತು. ಅವಳು ಏನಂದಳೋ ನೂತನಳಿಗೆ ಕೇಳಿಸಲಿಲ್ಲ, ಕೇಳಲೂ ಇಲ್ಲ. ನೂತನ ಗುಂಡಿ ಒತ್ತಿದಳು. 'ಖಚಿತವೇ?' ಅಂತ ಮಷೀನು ಮತ್ತೊಮ್ಮೆ ಕೇಳಿತು. ಎಂಟು ತಿಂಗಳ ಹಿಂದೆ ಆ ತಪ್ಪು ಕಾರಣ ಒತ್ತಿದಾಗ ಕಂಪ್ಯೂಟರು ಹೀಗೆ ಕೇಳಿರಲಿಲ್ಲವಲ್ಲ ಅನ್ನಿಸಿತು ಅವಳಿಗೆ. ಹೌದು ಅಂತ ಒತ್ತಿದಳು.

"ಈಗ ನಿಲ್ಲು."

ರುತುಜಾ ನಿಂತಳು. ಮಷೀನು ಹುಡುಕಿತು, ಹುಡುಕಿತು. "ಅನೋಳಖೀ ವ್ಯಕ್ತಿ," ಅಂದಿತು. ಗುರುತಿಲ್ಲದವಳು.

"ಈಗ ನಿನ್ನ ಮುಖ ಹಾಕೂಣು. ನಾಳೆಯಿಂದ ನಿನ್ನ ಹೆಸರ ಕರಿತದ."

ರುತುಜಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. "ಹಾಕ್ರಿ. ಆದ್ರ ಮೊದಲ ಬರದ ಕೊಡ್ರಿ. ಎಲ್ಲಿ ಇಡ್ತೀರಿ, ಯಾರ ನೋಡ್ತಾರ, ನಾ ಬಿಟ್ಟ ಮ್ಯಾಲ ಎಷ್ಟ ದಿನಕ್ಕ ಅಳಸ್ತೀರಿ. ನಾ ಸತ್ರನೂ ಅದರಾಗ ಬರೀರಿ."

"ಬರದ ಕೊಡ್ತೇನಿ."

"ಮತ್ತ ಗಡಹಿಂಗ್ಲಜದವರ ಪತ್ರ ಬರ್ಲಿ. ನಮ್ಮಕ್ಕ ಅಲ್ಲಿಂದ ಬರೂತನಕ ನಾ ಇದರಾಗ ಹೋಗೂದಿಲ್ರಿ."

ಕೈಹಾಜರಿಗೆ ಅಂತ ನೂತನ ಒಳಗಿನಿಂದ ಒಂದು ಹೊಸ ರಿಜಿಸ್ಟರ್ ತಂದು ಗೆರೆ ಎಳೆದಳು. ರುತುಜಾ ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದು ಒಳಗೆ ಹೋದಳು.

ನಾಲ್ಕನೆಯ ದಿನ ಜಯಸಿಂಗಪುರದ ಪತ್ರ ಬಂತು. ಆರನೆಯ ದಿನ ಶಿರೋಳದ್ದು. ಗಡಹಿಂಗ್ಲಜಕ್ಕೆ ನೂತನ ದಿನಾ ಬೆಳಿಗ್ಗೆ ಫೋನು ಮಾಡತೊಡಗಿದಳು. ನೋಡೋಣ ಅಂದರು, ಸಾಹೇಬರು ಊರಲ್ಲಿಲ್ಲ ಅಂದರು. ಒಂಬತ್ತನೆಯ ದಿನ ಕಚೇರಿಯವರು ಯಾರೂ ಎತ್ತಲಿಲ್ಲ, ಗೇಟಿನ ಕಾವಲುಗಾರನೇ ಎತ್ತಿದ. ಮುದುಕ, ಮಾತಿನ ಮನುಷ್ಯ. ತಡೀರಿ ತಾಯಿ, ನೋಡಿ ಹೇಳ್ತೇನಿ ಅಂದ. ಮಷೀನು ಗುಂಯ್‌ಗುಟ್ಟುವುದು ಫೋನಿನಲ್ಲಿ ಕೇಳಿಸುತ್ತಿತ್ತು, ಒಂದು ಗುಂಡಿ ಒತ್ತಿದ ಸಪ್ಪಳ, ಇನ್ನೊಂದು.

"ಚೌಗುಲೆ ಅಂದ್ರೇನು? ಕೂದಲಿನ್ಯಾಗ ಹತ್ತಿ ಐತಿ, ಆಕಿನ ಹೌದಲ್ರಿ?" ಅಂದ ಮುದುಕ. "ಅದಾಳ್ರಿ. ಇಲ್ಲೇ ಅದಾಳ."