ಬೇಕಿದ್ದರೆ ಮಾತ್ರ ಕನ್ನಡಕ

ಹಾನಗಲ್ಲಿನ ದೊಡ್ಡ ಅಂಗಡಿಯ ಮೇಲಿನ ಕೋಣೆಯಲ್ಲಿ ಶೀಲಾ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳುತ್ತಿದ್ದ ಮಾತು ಒಂದೇ: "ನೇಸರದಾಗ ಬೇಕಿದ್ದರ ಮಾತ್ರ ಕನ್ನಡಕ ಕೊಡ್ತೇವಿ. ಬ್ಯಾಡಾದವರನ್ನ ನಕ್ಕೊಂತ ಕಳಸ್ತೇವಿ." ನೇಸರ ಕನ್ನಡಕದ ಅಂಗಡಿಗಳು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಇದ್ದವು. ಹೊಸಬರು ಒಂದು ವಾರ ಶೀಲಾಳ ಬಳಿ ಕಲಿಯಬೇಕು, ಮರುವಾರ ಹಳಬರ ಪಕ್ಕದಲ್ಲಿ ನಿಂತು ನೋಡಬೇಕು, ಮೂರನೆಯ ವಾರ ತಾವೇ ಗಿರಾಕಿಯನ್ನು ನೋಡಿಕೊಳ್ಳಬೇಕು. ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು.

ಮಂಗಳವಾರ ಬೆಳಿಗ್ಗೆ ಹಿರೇಕೆರೂರು ಅಂಗಡಿಯ ಮ್ಯಾನೇಜರ್ ಫಕ್ಕೀರೇಶನ ಫೋನ್ ಬಂತು.

"ಮೇಡಂ, ನಿಮ್ಮ ಹೊಸ ಹುಡುಗಿ ಬಂದ ಗಿರಾಕಿನ್ನ ವಾಪಸ್ ಕಳಸಾಕತ್ತಾಳ. ಎಂಟು ದಿನದಾಗ ಆರು ಮಂದಿ. ಬಂದು ನೋಡ್ರಿ."

ಹುಡುಗಿ ಎಂದರೆ ಮುಮ್ತಾಜಬೇಗಂ. ಕಣ್ಣು ತಪಾಸಣೆಯ ಡಿಪ್ಲೊಮಾ ಮುಗಿಸಿದವಳು, ಕೆಲಸಕ್ಕೆ ಸೇರಿ ನಾಲ್ಕನೆಯ ವಾರ. ಶೀಲಾ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತರೂ ಹೊರಗೆ ನೋಡಲಿಲ್ಲ. ಎರಡು ಬಾರಿ ಫೋನ್ ತೆಗೆದಳು, ಇಟ್ಟಳು. ಹುಡುಗಿ ತಪ್ಪು ಮಾಡಿರಲಿ ಎಂದು ಒಂದು ಮನಸ್ಸು ಹಾರೈಸುತ್ತಿತ್ತು. ಹಾಗಾದರೆ ಕೆಲಸ ಸಲೀಸು.

ಅಂಗಡಿಯಲ್ಲಿ ಶಾರವ್ವ ಎಂಬ ಹಿರಿಯ ಹೆಂಗಸು ಹೊಸ ಕನ್ನಡಕವನ್ನು ಕೈಯಲ್ಲಿ ಹಿಡಿದು ಕುಂತಿದ್ದಳು.

"ಯವ್ವಾ, ಇದನ್ನ ಹಾಕ್ಕೊಂಡರೂ ಮಂಜು ಹಂಗ ಐತಿ. ಸೂಜ್ಯಾಗ ದಾರ ಹೋಗವಲ್ದು," ಎಂದಳು.

ಶೀಲಾ ಮುಮ್ತಾಜಳತ್ತ ತಿರುಗಿದಳು. ಮುಮ್ತಾಜ ತಲೆ ತಗ್ಗಿಸಿಯೇ ಹೇಳಿದಳು: "ಶನಿವಾರ ನಾನ ನೋಡಿದೆರಿ. ಯಾವ ಗಾಜು ಹಾಕಿದರೂ ಅಕ್ಷರ ಸ್ಪಷ್ಟ ಆಗಲಿಲ್ಲ. ಸಣ್ಣ ತೂತಿನ ಪಟ್ಟಿ ಹಿಡಿದು ನೋಡಿದರೂ ಅಷ್ಟ; ಕನ್ನಡಕದಿಂದ ಸರಿ ಹೋಗೂ ಕಣ್ಣಾಗಿದ್ರ ಅದರಾಗ ಕಾಣಬೇಕಿತ್ತು. ಕಣ್ಣಾಗ ಪೊರೆ ಬಂದಂಗ ಕಾಣತಿತ್ತು. ಡಾಕ್ಟರ ಕಡೆ ಹೋಗ್ರಿ ಅಂದೆ. ನಾ ಊಟಕ್ಕ ಹೋದಾಗ ಸರ್ ಕನ್ನಡಕ ಬರೆದು ಕೊಟ್ಟಾರ."

ಫಕ್ಕೀರೇಶನ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. ಡ್ರಾಯರಿನಿಂದ ಒಂದು ಹಾಳೆ ತೆಗೆದು ಶೀಲಾಳ ಮುಂದಿಟ್ಟ. "ಇದು ನೀವ ಕಳಿಸಿದ್ದು ಮೇಡಂ. ಹೊಸಬರ ಮೊದಲ ತಿಂಗಳ ಪರೀಕ್ಷೆ. ಎಷ್ಟು ಕನ್ನಡಕ ಮಾರಿದ್ರು, ಎಷ್ಟು ಮಂದಿಗೆ ದುಬಾರಿ ಫ್ರೇಮ್ ಒಪ್ಪಿಸಿದ್ರು. ವಾಪಸ್ ಕಳಿಸಿದವರಿಗೆ ಇದರಾಗ ಜಾಗಾನ ಇಲ್ಲ. ಇವಳನ್ನ ನಾಪಾಸ ಮಾಡಬೇಕಂದ್ರ ನಿಮ್ಮ ಹಾಳೀನ ಸಾಕು. ನನ್ನ ಅಂಗಡಿನ್ನೂ ಇದರ ಮ್ಯಾಲ ಅಳೀತಾರ. ನಾ ನಿಮ್ಮ ಮಾತು ಕೇಳ್ಲೋ, ನಿಮ್ಮ ಹಾಳಿ ಮಾತು ಕೇಳ್ಲೋ?"

ಹಾಳೆಯ ಕೆಳಗೆ ಶೀಲಾಳದೇ ಸಹಿ.

ಮುಮ್ತಾಜ ಈಗ ತಲೆ ಎತ್ತಿದಳು. "ಮೇಡಂ, ಮೊದಲ ದಿನ ನೀವು ಹೇಳಿದ್ದು ಖರೇನೋ, ಹೊಸಬರಿಗೆ ಹೇಳೂ ಮಾತಷ್ಟನೋ? ತಿಳಿಸಿದ್ರ ಹಂಗ ನಡೀತೇನಿ. ಎರಡೂ ನಡಸಾಕ ನನ್ನ ಕಡೆ ಆಗೂದಿಲ್ಲ."

ಶೀಲಾ ಶಾರವ್ವನ ಪಕ್ಕ ಕುಂತಳು. "ಅವ್ವಾ, ತಪ್ಪು ನಮ್ದು. ಈ ಕನ್ನಡಕ ನಿಮಗ ಬೇಕಾಗಿರಲಿಲ್ಲ," ಎಂದು ಕನ್ನಡಕ ತಿರುಗಿ ಪಡೆದು, ಕೊಟ್ಟ ಹಣ ವಾಪಸ್ ಕೊಡಿಸಿದಳು. ಮುಮ್ತಾಜಳಿಂದ ಕಣ್ಣಿನ ಡಾಕ್ಟರಿಗೆ ಚೀಟಿ ಬರೆಸಿದಳು. ಫಕ್ಕೀರೇಶ ಎದ್ದು ಬಾಗಿಲತನಕ ಮುದುಕಿಯ ಕೈ ಹಿಡಿದು ನಡೆಸಿದ.

ಹೊರಗೆ ಬಂದ ಶೀಲಾ ಮಾಲೀಕ ಚನ್ನವೀರಪ್ಪನವರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ಮಾತು ಗಿರಾಕಿಗಳಿಗೆ ಕೊಟ್ಟದ್ದು, ಹಾಳಿ ನಮ್ಮ ಒಳಗಿಂದು ಶೀಲಾ. ಎರಡನ್ನೂ ಯಾಕ ಕೂಡಸ್ತಿ?"

"ನಾವು ಕೂಡಸದಿದ್ರೂ ಹೊಸಬರು ಕೂಡಿಸಿ ನೋಡತಾರ್ರಿ. ಹಾಳಿ ಬದಲಾಗದಿದ್ರ ಸೋಮವಾರದ ಕ್ಲಾಸು ನಾ ತಗೊಳ್ಳೂದಿಲ್ಲ. ಸುಳ್ಳು ಹೇಳಾಕ ಬ್ಯಾರೆಯವರನ್ನ ಹುಡುಕ್ರಿ."

ಕಡೆಗೆ ಚನ್ನವೀರಪ್ಪನವರು, "ಹಿರೇಕೆರೂರಾಗ ಮೂರು ತಿಂಗಳು ಮಾಡಿ ನೋಡು. ಆಮ್ಯಾಲೆ ಉಳದ ಅಂಗಡಿ ಮಾತು," ಎಂದು ಫೋನ್ ಇಟ್ಟುಬಿಟ್ಟರು.

ಹೊಸ ಹಾಳೆಯಲ್ಲಿ ಎರಡು ಸಾಲು ಸೇರಿದವು: ಕನ್ನಡಕ ಬೇಡವೆಂದು ತಿಳಿಸಿ ಕಳಿಸಿದವರೆಷ್ಟು, ಡಾಕ್ಟರಿಗೆ ಕಳಿಸಿದವರೆಷ್ಟು. ದುಬಾರಿ ಫ್ರೇಮಿನ ಸಾಲು ಹೋಯಿತು. ಹೊಸಬರ ಜೊತೆ ಮ್ಯಾನೇಜರೂ ಒಂದು ದಿನ ಕೂಡಬೇಕೆಂದು ಶೀಲಾ ಬರೆದಳು. ಸೋಮವಾರ ಫಕ್ಕೀರೇಶ ಬಂದ, ಹಿಂದಿನ ಸಾಲಿನಲ್ಲಿ ಕುಂತ. ಶೀಲಾ ಕೇಳದಿದ್ದರೂ ಎದ್ದು ನಿಂತು, ಶಾರವ್ವನಿಗೆ ತಾನು ಕನ್ನಡಕ ಬರೆದುಕೊಟ್ಟ ಕತೆಯನ್ನು ಹೊಸಬರಿಗೆ ತಾನೇ ಹೇಳಿದ. ಹೇಳುವಾಗ ಕಾಲು ಬದಲಿಸುತ್ತಲೇ ಇದ್ದ.

ಶಾರವ್ವನಿಗೆ ಮರುತಿಂಗಳು ಹಾವೇರಿಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಮುಮ್ತಾಜ ಕೆಲಸದಲ್ಲಿ ಉಳಿದಳು.

ಶೀಲಾಳಿಗೆ ಮಾತ್ರ ನೆಮ್ಮದಿ ಬರಲಿಲ್ಲ. ಸವಣೂರಿನಲ್ಲಿ ಇನ್ನೂ ಹಳೆಯ ಹಾಳೆಯೇ ನಡೆದಿತ್ತು. ಶೀಲಾಳಿಂದ ಅದೇ ಮೊದಲ ದಿನದ ಮಾತು ಕೇಳಿ ಹೋಗಿದ್ದ ಪೂಜಾ ಎಂಬ ಹೊಸ ಹುಡುಗಿ ಅಲ್ಲಿ ಆ ವಾರ ಒಬ್ಬಳೇ ಗಿರಾಕಿಗಳ ಮುಂದೆ ನಿಲ್ಲುವವಳಿದ್ದಳು.