ಫ್ಯಾನು ರಿಪೇರಿಗೊಂದು ‘ಮಾನ್ಯರೇ’

ಮೇಲ್ ಬರೆಯುವುದರಲ್ಲಿ ಶಿಡ್ಲಘಟ್ಟದ ಆ ಸರ್ಕಾರಿ ಕಚೇರಿಗೆಲ್ಲ ಸೂಪರಿಂಟೆಂಡೆಂಟ್ ಆವಲಪ್ಪನೇ ಗುರು. ಬೆಂಗಳೂರಿನ ನಿರ್ದೇಶಕರಿಗಾದರೆ ‘ಮಾನ್ಯರೇ’ ಎಂದು ಶುರು, ‘ತಮ್ಮ ವಿಧೇಯ’ ಎಂದು ಮುಕ್ತಾಯ. ಗೌರಿಬಿದನೂರು, ಚಿಂತಾಮಣಿಯ ಸಮಾನರಿಗೆ ‘ಆತ್ಮೀಯರೇ’, ಕೊನೆಗೆ ‘ವಂದನೆಗಳೊಂದಿಗೆ’. ಕೈಕೆಳಗಿನವರಿಗೆ ಹೆಸರು ಹಾಕಿ, ಕೆಲಸ ಹೇಳಿ, ಕೊನೆಗೊಂದು ಧನ್ಯವಾದ. ಹೊಸ ಹುಡುಗರು ಯಾರಿಗೆ ಏನು ಹಾಕಬೇಕೆಂದು ಅವನನ್ನೇ ಕೇಳುತ್ತಿದ್ದರು.

ಇಂಥ ಪಂಡಿತ ತನ್ನ ಸ್ವಂತ ಮೇಲಧಿಕಾರಿಗೆ ಏನು ಬರೆಯುತ್ತಿದ್ದ ಗೊತ್ತೇ? ಏನೂ ಇಲ್ಲ! ‘ಲಗತ್ತು ನೋಡುವುದು’ ಅಂತ ಒಂದು ಸಾಲು. ಮೇಲೆ ಸಂಬೋಧನೆಯಿಲ್ಲ, ಕೆಳಗೆ ವಿಧೇಯನಿಲ್ಲ. ಎದುರಿಗೆ ನಿಂತರೂ ಅಷ್ಟೇ, ‘ಸಹಿ ಆಗ್ಬೇಕಿತ್ತು’ ಅಂತ ಗೋಡೆಗೆ ಹೇಳಿದಂತೆ ಹೇಳಿ ಬರುತ್ತಿದ್ದ. ಮೇಡಂ ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ.

ಕಾರಣ ಊರಿಗೇ ಗೊತ್ತಿತ್ತು. ಅಧಿಕಾರಿ ಲಕ್ಷ್ಮಿದೇವಮ್ಮ ಅವನ ಊರಿನವಳೇ, ಬಯ್ಯಪ್ಪನ ಮಗಳು. ಆ ಬಯ್ಯಪ್ಪ ಆವಲಪ್ಪನ ಅಪ್ಪನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ದವನು, ಆವಲಪ್ಪನ ಮನೆ ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತು ನೀರು ಕುಡಿದವನು. ಮಗಳು ಓದಿ, ಪರೀಕ್ಷೆ ಪಾಸು ಮಾಡಿ, ಮೇಜಿನ ಮೇಲೊಂದು ಪುಟ್ಟ ಬುದ್ಧನನ್ನಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಆವಲಪ್ಪ ಕೆಟ್ಟವನಲ್ಲ, ಪಾಪ. ಆದರೆ ಆ ಒಂದು ಪದದ ಹತ್ತಿರ ಬಂದಾಗ ಬೆರಳು ಅಲ್ಲಾಡುತ್ತಿರಲಿಲ್ಲ.

ಹೀಗಿರುವಾಗ ವರ್ಗಾವಣೆಯ ಪಟ್ಟಿ ಬಂತು. ಆವಲಪ್ಪನಿಗೆ ಬೀದರ್! ಹೆಂಡತಿ ವೆಂಕಟರತ್ನಮ್ಮನಿಗೆ ಕಿಡ್ನಿ ಕೆಟ್ಟು, ವಾರ ವಾರ ಚಿಕ್ಕಬಳ್ಳಾಪುರಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದ. ಅವಳನ್ನು ಬಿಟ್ಟು ಹೋಗುವುದೆಂತು? ಇಲ್ಲೇ ಉಳಿಯಬೇಕೆಂದರೆ ಮೇಲಧಿಕಾರಿಯ ಮೂಲಕವೇ ಮನವಿ ಹೋಗಬೇಕು. ಅಂದರೆ ಲಕ್ಷ್ಮಿದೇವಮ್ಮನಿಗೆ ಬರೆಯಬೇಕು.

ಬರೆಯುತ್ತೇನೆ ಬರೆಯುತ್ತೇನೆ ಅಂತ ದಿನ ತಳ್ಳಿದ. ಕೊನೆಗೊಂದು ಸಂಜೆ ಮನೆಯಲ್ಲಿ ಮೊಬೈಲು ಹಿಡಿದು ಕೂತ. ವಿಷಯ ಬರೆದ, ಕಾರಣ ಬರೆದ, ಆಸ್ಪತ್ರೆ ಕಾಗದ ಲಗತ್ತಿಸಿದ. ಮೇಲಿನ ಜಾಗ ಮಾತ್ರ ಖಾಲಿ.

‘ಇನ್ನೇನು ಯೋಚ್ನೆ? ಕಳ್ಸೋದಲ್ವಾ?’ ವೆಂಕಟರತ್ನಮ್ಮ ಇಣುಕಿ ನೋಡಿದಳು. ಖಾಲಿ ಜಾಗ ಅವಳಿಗೂ ಕಂಡಿತು. ‘ಓ, ಇದಾ! ಆ ಒಂದು ಮಾತು ನನ್ನ ಜೀವಕ್ಕಿಂತ ಹೆಚ್ಚಾಗೋಯ್ತೇನ್ರೀ ನಿಮಗೆ?’

ಆವಲಪ್ಪನ ಕಣ್ಣು ತುಂಬಿತು. ‘ಮಾನ್ಯರೇ’ ಎಂದು ಒತ್ತಿದ, ಕೆಳಗೆ ‘ತಮ್ಮ ವಿಧೇಯ’ ಎಂದು ಸೇರಿಸಿ ಕಳಿಸಿಬಿಟ್ಟ. ರಾತ್ರಿ ಊಟ ಸೇರಲಿಲ್ಲ. ಒಂದು ಮರ್ಯಾದೆಯ ಮಾತಿಗೆ ತಾನು ಇಷ್ಟು ದಿನ ಕಾಯಿಸಿದ ಹೆಣ್ಣುಮಗಳು ಈಗ ತನ್ನನ್ನು ಕಾಯಿಸದೆ ಬಿಡುತ್ತಾಳೆಯೇ ಎಂಬ ಅಳುಕು.

ಬೆಳಿಗ್ಗೆ ಕಚೇರಿಗೆ ಹೋಗಿ ಕಂಪ್ಯೂಟರ್ ತೆರೆದರೆ ಉತ್ತರ ಬಂದಿತ್ತು.

‘ಆವಲಪ್ಪನವರಿಗೆ ವಂದನೆಗಳು. ನಿಮ್ಮ ವರ್ಗಾವಣೆ ರದ್ದಾಗಿದೆ. ಮನೆಯವರ ಆರೋಗ್ಯ ನೋಡಿಕೊಳ್ಳಿ. ಇಂತಿ, ಲಕ್ಷ್ಮಿದೇವಮ್ಮ.’

ಒಂದೇ ರಾತ್ರಿಯಲ್ಲಿ ಹೇಗಪ್ಪಾ ಎಂದುಕೊಂಡು ಕೆಳಗೆ ಸರಿಸಿದ. ನಿರ್ದೇಶಕರ ಒಪ್ಪಿಗೆ. ಅದರ ಕೆಳಗೆ ಅವರಿಗೆ ಅವಳು ಬರೆದಿದ್ದ ಮೇಲ್: ‘ಮಾನ್ಯರೇ, ನಮ್ಮ ಕಚೇರಿಯ ಹಿರಿಯರಾದ ಶ್ರೀ ಆವಲಪ್ಪನವರು ಸಂಕೋಚದಿಂದ ತಾವಾಗಿ ಕೇಳಿಕೊಳ್ಳುವವರಲ್ಲ. ಅವರ ಪರವಾಗಿ ನಾನು ಕೋರುತ್ತಿದ್ದೇನೆ...’ ತಾರೀಖು ನೋಡಿದ. ಪಟ್ಟಿ ಬಂದ ಮಾರನೆಯ ದಿನದ್ದು! ತಾನು ‘ಲಗತ್ತು ನೋಡುವುದು’ ಎಂದು ಬರೆಯುತ್ತಿದ್ದ ದಿನಗಳದ್ದು.

ಸಂಕೋಚವಂತೆ! ತನ್ನ ಕೊಬ್ಬಿಗೆ ಅವಳು ಎಂಥ ಮರ್ಯಾದೆಯ ಹೆಸರು ಕೊಟ್ಟಿದ್ದಾಳೆ ಎಂದು ಆವಲಪ್ಪ ತಲೆ ತಗ್ಗಿಸಿ ಕೂತ. ನಿನ್ನೆ ತಾನು ಬರೆದ ‘ಮಾನ್ಯರೇ’ ನೆನೆದರೆ ಮೈಯೆಲ್ಲ ಹಿಡಿಯಾಯಿತು. ಕೆಲಸವಾಗಲೆಂದು ಬರೆದ ಮಾತು ಅದು.

ಮಧ್ಯಾಹ್ನ ಗುಮಾಸ್ತರ ಕೋಣೆಯ ಫ್ಯಾನು ನಿಂತುಹೋಗಿತ್ತು. ಸಾಮಾನ್ಯವಾಗಿ ಜವಾನನ ಕೈಲಿ ಹೇಳಿ ಕಳಿಸುವ ಸಂಗತಿ. ಆವಲಪ್ಪ ಮೇಲ್ ತೆರೆದ. ‘ಮಾನ್ಯರೇ, ಫ್ಯಾನು ಕೆಟ್ಟಿದೆ. ರಿಪೇರಿಗೆ ದಯಮಾಡಿ ಅನುಮತಿ ನೀಡಬೇಕೆಂದು ಕೋರುತ್ತೇನೆ. ತಮ್ಮ ವಿಧೇಯ, ಆವಲಪ್ಪ.’

ಸ್ವಲ್ಪ ಹೊತ್ತಿಗೆ ಲಕ್ಷ್ಮಿದೇವಮ್ಮ ತಾನೇ ಎದ್ದು ಬಂದಳು. ಮುಖದಲ್ಲಿ ನಗು.

‘ಫ್ಯಾನ್ ರಿಪೇರಿಗೂ ಮಾನ್ಯರೇನಾ, ಆವಲಪ್ಪನೋರೇ?’

ಆವಲಪ್ಪ ಕುರ್ಚಿ ಬಿಟ್ಟು ಎದ್ದು ನಿಂತ. ‘ನಿನ್ನೇದು ನನಗೋಸ್ಕರ ಬರೆದಿದ್ದು, ಮೇಡಂ,’ ಎಂದ. ‘ಇದು ನಿಮಗೆ.’